ಮೂವತ್ತು ಬ್ಯಾಕಪ್, ಒಂದೇ ಬ್ಲಾಕ್

ಪ್ರಶ್ನೆ: ನಮ್ಮ ಸರ್ವರ್‌ನಲ್ಲಿ 200 ಜಿಬಿ ಡೇಟಾ ಇದೆ. ರೆಸ್ಟಿಕ್‌ನಿಂದ ದಿನಾ ರಾತ್ರಿ ಬ್ಯಾಕಪ್ ತೆಗೀತೀನಿ, 30 ದಿನದ್ದು ಇಟ್ಟಿದ್ದೀನಿ. ಆದ್ರೆ ಬ್ಯಾಕಪ್ ಡಿಸ್ಕ್‌ನಲ್ಲಿ ತುಂಬಿರೋದು 140 ಜಿಬಿ ಮಾತ್ರ. ಇದು ಹೇಗೆ ಸಾಧ್ಯ? ಒಂದು ಬ್ಲಾಕ್ ಕೆಟ್ಟರೆ 30 ಬ್ಯಾಕಪ್‌ಗಳೂ ಹೋಗುತ್ತವೆ ಅಂತ ಗೆಳೆಯ ಹೆದರಿಸಿದ. ನಿಜಾನಾ? ಹಾಗಿದ್ರೆ ಡಿಡುಪ್ಲಿಕೇಶನ್ ಬಿಟ್ಟುಬಿಡೋದೇ ಒಳ್ಳೇದಾ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅಂತ ಗೊತ್ತಾಗಬೇಕಾದರೆ 140 ಜಿಬಿ ಎಲ್ಲಿಂದ ಬಂತು ಅಂತ ಮೊದಲು ನೋಡಬೇಕು.

ದಿನಕ್ಕೆ ಹೊಸದಾಗಿ ಸೇರುವ ಅಥವಾ ಬದಲಾಗುವ ಡೇಟಾ ಸುಮಾರು 1 ಜಿಬಿ ಅಂತ ಇಟ್ಟುಕೊಳ್ಳೋಣ. ಪ್ರತಿ ರಾತ್ರಿ ಎಲ್ಲವನ್ನೂ ಪೂರ್ತಿ ನಕಲು ಮಾಡಿದ್ದರೆ 30 × 200, ಅಂದರೆ 6000 ಜಿಬಿ ಬೇಕಾಗುತ್ತಿತ್ತು. ಆದರೆ ಎರಡನೇ ರಾತ್ರಿ ಬಂದ 200 ಜಿಬಿಯಲ್ಲಿ 199 ಜಿಬಿ ನಿನ್ನೆಯದೇ. ಅದನ್ನು ಮತ್ತೆ ಬರೆಯುವ ಅಗತ್ಯ ಇಲ್ಲ. ಹಾಗಾಗಿ ನಿಜವಾಗಿ ಬರೆದದ್ದು ಮೊದಲ ದಿನದ 200, ಮಿಕ್ಕ 29 ದಿನದ 29, ಒಟ್ಟು 229 ಜಿಬಿ. ಕಂಪ್ರೆಶನ್ ಅದನ್ನು ಶೇಕಡಾ 60ಕ್ಕೆ ಇಳಿಸಿತು ಅಂದರೆ 137 ಜಿಬಿ. ಇಂಡೆಕ್ಸ್ ಮತ್ತಿತರ ಚಿಲ್ಲರೆ ಸೇರಿದರೆ ನಿಮ್ಮ 140ರ ಹತ್ತಿರ ಬರುತ್ತದೆ. ಗಮನಿಸಿ, ದೊಡ್ಡ ಉಳಿತಾಯ ಮಾಡಿದ್ದು ಡಿಡುಪ್ಲಿಕೇಶನ್, ಅಂದರೆ ಒಮ್ಮೆ ಬರೆದದ್ದನ್ನು ಮತ್ತೆ ಬರೆಯದೇ ಇರುವುದು. ಕಂಪ್ರೆಶನ್ ಅದರ ಮೇಲೆ ಇನ್ನೊಂದಿಷ್ಟು ಹಿಂಡಿತು, ಅಷ್ಟೇ.

ಒಳಗೆ ನಡೆಯುವುದು ಹೀಗೆ. ರೆಸ್ಟಿಕ್ ಪ್ರತಿ ಫೈಲನ್ನೂ ತುಂಡುಗಳಾಗಿ ಕತ್ತರಿಸುತ್ತದೆ. ತುಂಡಿನ ಗಾತ್ರ 512 ಕೆಬಿಗಿಂತ ಕಡಿಮೆ ಇರದಂತೆ, 8 ಎಂಬಿ ಮೀರದಂತೆ, ಸರಾಸರಿ 1 ಎಂಬಿ ಬರುವಂತೆ ನೋಡಿಕೊಳ್ಳುತ್ತದೆ. 512 ಕೆಬಿಗಿಂತ ಚಿಕ್ಕ ಫೈಲ್ ಆದರೆ ಇಡೀ ಫೈಲೇ ಒಂದು ತುಂಡು. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಅಳತೆಪಟ್ಟಿ ಇಟ್ಟು ತೀರ್ಮಾನಿಸುವುದಿಲ್ಲ. 64 ಬೈಟ್‌ಗಳ ಒಂದು ಕಿಂಡಿಯನ್ನು ಫೈಲ್ ಉದ್ದಕ್ಕೂ ಸರಿಸುತ್ತಾ ಹೋಗುತ್ತದೆ. ಆ 64 ಬೈಟ್‌ಗಳಿಂದ ಬರುವ ಲೆಕ್ಕ ಒಂದು ನಿಶ್ಚಿತ ರೂಪಕ್ಕೆ ಬಂದಾಗ ಅಲ್ಲಿ ಕತ್ತರಿ ಬೀಳುತ್ತದೆ. ಇದರಿಂದ ಏನು ಲಾಭ ಅಂದರೆ, ದೊಡ್ಡ ಫೈಲಿನ ಮೊದಲಲ್ಲಿ ನೀವು ಹತ್ತು ಅಕ್ಷರ ಸೇರಿಸಿದರೂ ಮುಂದಿನ ಕತ್ತರಿಗಳೆಲ್ಲ ಮೊದಲು ಬಿದ್ದ ಜಾಗದಲ್ಲೇ ಬೀಳುತ್ತವೆ. ಮೊದಲ ತುಂಡು ಮಾತ್ರ ಹೊಸದಾಗುತ್ತದೆ. ಸರಿಯಾಗಿ 1 ಎಂಬಿಗೊಂದು ಅಂತ ಕತ್ತರಿಸಿದ್ದರೆ ಆ ಹತ್ತು ಅಕ್ಷರ ಎಲ್ಲ ತುಂಡುಗಳನ್ನೂ ಹತ್ತು ಸ್ಥಾನ ಆಚೆ ತಳ್ಳುತ್ತಿತ್ತು, ಇಡೀ ಫೈಲ್ ಹೊಸದಾಗಿ ಕಾಣುತ್ತಿತ್ತು.

ಪ್ರತಿ ತುಂಡಿಗೂ ಅದರ ಎಸ್‌ಎಚ್‌ಎ-256 ಹ್ಯಾಶ್ ಅನ್ನೇ, ಅಂದರೆ ಅದರ ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚನ್ನೇ, ಹೆಸರಾಗಿ ಕೊಡುತ್ತದೆ. ಆಮೇಲೆ ಇಂಡೆಕ್ಸ್‌ನಲ್ಲಿ ಆ ಹೆಸರು ಇದೆಯಾ ಅಂತ ಹುಡುಕುತ್ತದೆ. ಇದ್ದರೆ ಬರೆಯುವುದಿಲ್ಲ, 'ಈ ಫೈಲಿಗೆ ಆ ತುಂಡು ಬೇಕು' ಅಂತ ಗುರುತು ಹಾಕಿ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ತುಂಡನ್ನು ಕಂಪ್ರೆಸ್ ಮಾಡಿ, ಎನ್‌ಕ್ರಿಪ್ಟ್ ಮಾಡಿ, ಸುಮಾರು 16 ಎಂಬಿ ಗಾತ್ರದ ಪ್ಯಾಕ್ ಫೈಲೊಳಗೆ ಸೇರಿಸುತ್ತದೆ. ಕಂಪ್ರೆಶನ್ ಬಂದದ್ದು 2022ರ 0.14 ಆವೃತ್ತಿಯಲ್ಲಿ. ಬ್ಯಾಕಪ್‌ಗಳೆಲ್ಲ ಕೂಡಿಡುವ ರೆಪೊಸಿಟರಿಯನ್ನು ಅದಕ್ಕೂ ಮುಂಚೆ ಮಾಡಿದ್ದರೆ ಎರಡನೇ ಫಾರ್ಮ್ಯಾಟ್‌ಗೆ ಬದಲಾಯಿಸುವ ತನಕ ಕಂಪ್ರೆಶನ್ ಇರುವುದಿಲ್ಲ.

ಹ್ಯಾಶ್ ಮೊದಲು, ಕಂಪ್ರೆಶನ್ ಆಮೇಲೆ. ಈ ಕ್ರಮ ಮುಖ್ಯ. ಸುಮಾರು ಜನ ಡೇಟಾಬೇಸ್ ಡಂಪ್ ತೆಗೆದು, ಅದನ್ನು ಜಿಜಿಪ್ ಮಾಡಿ, ಆಮೇಲೆ ಬ್ಯಾಕಪ್‌ಗೆ ಕೊಡುತ್ತಾರೆ. ಜಾಗ ಉಳಿಯುತ್ತದೆ ಅಂದುಕೊಳ್ಳುತ್ತಾರೆ, ಆಗುವುದು ಉಲ್ಟಾ. ಡಂಪಿನ ಮೊದಲಲ್ಲಿ ಒಂದು ಸಾಲು ಬದಲಾದರೂ ಜಿಜಿಪ್ ಆದ ಫೈಲಿನಲ್ಲಿ ಅಲ್ಲಿಂದ ಕೊನೆಯವರೆಗೂ ಬೈಟ್‌ಗಳು ಬೇರೆಯಾಗಿಬಿಡುತ್ತವೆ. ಹೋಲುವ ತುಂಡು ಒಂದೂ ಸಿಗುವುದಿಲ್ಲ. ಡಂಪನ್ನು ಹಾಗೇ ಕೊಡಿ, ಹಿಂಡುವ ಕೆಲಸ ರೆಸ್ಟಿಕ್‌ಗೆ ಬಿಡಿ. ಜಿಜಿಪ್ ಬೇಕೇ ಬೇಕು ಅಂದರೆ `gzip --rsyncable` ಬಳಸಿ. ಇನ್ನು ಜೆಪೆಗ್ ಫೋಟೊ, ವಿಡಿಯೋ ಇಂಥವು ಮೊದಲೇ ಹಿಂಡಿ ಬಂದಿರುತ್ತವೆ, ಅವುಗಳ ಮೇಲೆ ಕಂಪ್ರೆಶನ್ ಆಟ ನಡೆಯುವುದಿಲ್ಲ.

ಈಗ ಗೆಳೆಯನ ಮಾತಿಗೆ ಬರೋಣ.

ನಿಮ್ಮ 200 ಜಿಬಿಯಲ್ಲಿ ಒಂದೇ ಟೆಂಪ್ಲೇಟ್‌ನಿಂದ ಮಾಡಿದ ನಾಲ್ಕು ವರ್ಚುವಲ್ ಮಷೀನ್‌ಗಳ ಡಿಸ್ಕ್ ಇಮೇಜ್ ಇವೆ ಅಂತ ಇಟ್ಟುಕೊಳ್ಳಿ. ನಾಲ್ಕರಲ್ಲೂ ಆಪರೇಟಿಂಗ್ ಸಿಸ್ಟಂ ಭಾಗದ ಬಹಳಷ್ಟು ತುಂಡುಗಳು ಒಂದೇ. ಅಂಥ ಒಂದು ತುಂಡು ರೆಪೊಸಿಟರಿಯಲ್ಲಿ ಒಂದೇ ಸಲ ಇರುತ್ತದೆ. ನಾಲ್ಕು ಇಮೇಜು, ರಾತ್ರಿಗೊಂದರಂತೆ 30 ಸ್ನ್ಯಾಪ್‌ಶಾಟು, ಅಂದರೆ 120 ಫೈಲುಗಳು ಅದರತ್ತ ಬೆರಳು ತೋರಿಸುತ್ತಿವೆ. ಬ್ಯಾಕಪ್ ಡಿಸ್ಕಿನಲ್ಲಿ ಒಂದು 4 ಕೆಬಿ ಸೆಕ್ಟರ್ ಕೆಟ್ಟಿತು, ಅದು ಸರಿಯಾಗಿ ಈ ತುಂಡಿನ ಮೇಲೇ ಬಿತ್ತು. ಏನಾಗುತ್ತದೆ?

4 ಕೆಬಿ ಮಾತ್ರ ಹೋಗುವುದಿಲ್ಲ, ಇಡೀ ತುಂಡು ಹೋಗುತ್ತದೆ. ಕಂಪ್ರೆಸ್ ಆದ ಡೇಟಾದಲ್ಲಿ ನಡುವೆ ಕೆಟ್ಟರೆ ಅಲ್ಲಿಂದ ಮುಂದಕ್ಕೆ ಬಿಚ್ಚುವುದು ಹೇಗೂ ಕಷ್ಟ. ಅದಕ್ಕೂ ಮೊದಲೇ ಎನ್‌ಕ್ರಿಪ್ಶನ್‌ನ ಜೊತೆಗಿರುವ ದೃಢೀಕರಣ ಸಂಕೇತ ತಾಳೆಯಾಗುವುದಿಲ್ಲ. ಒಂದೇ ಬಿಟ್ ತಿರುಗಿದ್ದರೂ ರೆಸ್ಟಿಕ್ ಆ ತುಂಡನ್ನು ಪೂರ್ತಿ ತಿರಸ್ಕರಿಸುತ್ತದೆ. ಇದು ಒಳ್ಳೆಯದೇ ಅನ್ನುತ್ತೇನೆ. ತಪ್ಪು ಡೇಟಾವನ್ನು ಸರಿ ಅಂತ ಕೊಡುವುದಕ್ಕಿಂತ 'ಇಲ್ಲ' ಅನ್ನುವುದು ವಾಸಿ. ಆದರೆ ಪ್ಯಾಕಿನಲ್ಲಿರುವ ಮಿಕ್ಕ ತುಂಡುಗಳಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡಿರುತ್ತದೆ.

ಹಾಗಾಗಿ 30 ಬ್ಯಾಕಪ್‌ಗಳೂ 'ಹೋಗುವುದಿಲ್ಲ'. 30ರಲ್ಲೂ ಒಂದೇ ಜಾಗದಲ್ಲಿ ತೂತು ಬೀಳುತ್ತದೆ. ನಿಮ್ಮ ಲೆಕ್ಕದಲ್ಲಿ ಸುಮಾರು 2.3 ಲಕ್ಷ ತುಂಡುಗಳಿವೆ. ಒಂದು ಹೋದರೆ ಅದನ್ನು ಬಳಸುವ ಫೈಲುಗಳಿಗೆ ಮಾತ್ರ ಪೆಟ್ಟು, ಬೇರೆಯದೆಲ್ಲ ಸರಿಯಾಗಿ ವಾಪಸ್ ಬರುತ್ತದೆ. ಒಂದು ಅಪವಾದ ಇದೆ. ಕೆಲವು ತುಂಡುಗಳಲ್ಲಿ ಫೈಲ್ ಡೇಟಾ ಇರುವುದಿಲ್ಲ. ಒಂದು ಫೋಲ್ಡರ್‌ನಲ್ಲಿ ಯಾವ ಫೈಲುಗಳಿವೆ, ಅವಕ್ಕೆ ಯಾವ ತುಂಡುಗಳು ಬೇಕು ಅನ್ನುವ ಪಟ್ಟಿ ಇರುತ್ತದೆ. ಅಂಥದ್ದು ಕೆಟ್ಟರೆ ಆ ಫೋಲ್ಡರಿನ ಕೆಳಗಿನದೆಲ್ಲ ಸಿಗದ ಹಾಗಾಗುತ್ತದೆ, ಫೈಲುಗಳ ಡೇಟಾ ಗಟ್ಟಿಯಾಗಿದ್ದರೂ ಸಹ. ಇಂಥ ಪಟ್ಟಿಗಳ ಒಂದು ಪ್ರತಿಯನ್ನು ರೆಸ್ಟಿಕ್ ಬ್ಯಾಕಪ್ ತೆಗೆಯುವ ಯಂತ್ರದ ಕ್ಯಾಶ್‌ನಲ್ಲೂ ಇಟ್ಟುಕೊಳ್ಳುತ್ತದೆ. ಆದ್ದರಿಂದ ರೆಪೊಸಿಟರಿಯಲ್ಲಿ ಏನೋ ಕೆಟ್ಟಿದೆ ಅನಿಸಿದ ಕೂಡಲೇ `~/.cache/restic` ಅಳಿಸಲು ಹೋಗಬೇಡಿ.

ಇದೇ ಡಿಸ್ಕಿನಲ್ಲಿ 30 ಪೂರ್ತಿ ನಕಲುಗಳನ್ನು ಇಟ್ಟಿದ್ದರೆ ಆ ಸೆಕ್ಟರ್ ಒಂದೇ ನಕಲನ್ನು ಕೆಡಿಸುತ್ತಿತ್ತು, 29 ಉಳಿಯುತ್ತಿದ್ದವು. ಇದು ನಿಜ. ಅದರ ಜೊತೆಗೆ 6000 ಜಿಬಿ ಹರಡಿಕೊಂಡಿದ್ದರೆ ಕೆಟ್ಟ ಸೆಕ್ಟರ್ ಅದರೊಳಗೆ ಎಲ್ಲೋ ಬೀಳುವ ಸಂಭವವೂ 140 ಜಿಬಿಗಿಂತ ನಲವತ್ತು ಪಟ್ಟು ಜಾಸ್ತಿ ಇರುತ್ತಿತ್ತು. ಡಿಡುಪ್ಲಿಕೇಶನ್‌ನಲ್ಲಿ ಪೆಟ್ಟು ಬೀಳುವುದು ಅಪರೂಪ, ಬಿದ್ದರೆ ಎಲ್ಲ ದಿನಗಳ ಮೇಲೂ ಒಟ್ಟಿಗೇ ಬೀಳುತ್ತದೆ. ನೀವು 30 ದಿನ ಇಟ್ಟಿದ್ದೀರಿ ಅಂದರೆ 30 ಪ್ರತಿ ಇಟ್ಟಿದ್ದೀರಿ ಅಂತಲ್ಲ. ಒಂದೇ ಪ್ರತಿಗೆ 30 ದಿನದ ಹಿಂದಿನವರೆಗೂ ಹೋಗಿ ನೋಡುವ ಅನುಕೂಲ ಸಿಕ್ಕಿದೆ. ಅದರಲ್ಲೂ ವರ್ಷಗಟ್ಟಲೆ ಮುಟ್ಟದ ಹಳೇ ಫೋಟೊ, ಹಳೇ ಕಡತ ಇವೆಯಲ್ಲ, 'ಇವು ಎಲ್ಲ ಬ್ಯಾಕಪ್‌ನಲ್ಲೂ ಇವೆ' ಅಂತ ನಾವು ನಿಶ್ಚಿಂತೆಯಿಂದ ಇರುವುದೇ ಇವುಗಳ ಬಗ್ಗೆ. ಪೂರ್ತಿ ಒಂದೇ ತುಂಡಿನ ಮೇಲೆ ನಿಂತಿರುವುದೂ ಇವೇ. ದಿನಾ ಬದಲಾಗುವ ಫೈಲಿಗಾದರೂ ನಿನ್ನೆಯದು ಬೇರೆ, ಇವತ್ತಿನದು ಬೇರೆ ತುಂಡು ಇರುತ್ತದೆ.

ಒಂದೇ ತುಂಡನ್ನು ಹೀಗೆ ಎಲ್ಲರೂ ಹಂಚಿಕೊಳ್ಳುವುದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೊಂದು ವಿಷಯ. ಕೆಟ್ಟ ತುಂಡನ್ನು ಮುಂದಿನ ಬ್ಯಾಕಪ್ ತಾನಾಗಿ ಸರಿಮಾಡುವುದಿಲ್ಲ.

ಯಾಕೆ ಅಂತ ಮೇಲಿನ ಕ್ರಮದಲ್ಲೇ ಇದೆ. ಇವತ್ತು ರಾತ್ರಿ ರೆಸ್ಟಿಕ್ ಓಡಿದಾಗ ನಿಮ್ಮ ಸರ್ವರ್‌ನಲ್ಲಿರುವ ಇಮೇಜ್ ಚೆನ್ನಾಗಿಯೇ ಇದೆ. ಅದನ್ನು ಓದುತ್ತದೆ, ಕತ್ತರಿಸುತ್ತದೆ, ಹ್ಯಾಶ್ ತೆಗೆಯುತ್ತದೆ. ಇಂಡೆಕ್ಸ್‌ನಲ್ಲಿ ಆ ಹ್ಯಾಶ್ ಇದೆ. 'ಸರಿ, ಇದು ನಮ್ಮಲ್ಲಿದೆ' ಅಂತ ಮುಂದೆ ಹೋಗುತ್ತದೆ. ಇಂಡೆಕ್ಸ್ ಹೇಳುವುದು ತುಂಡನ್ನು ಎಲ್ಲಿ ಬರೆದಿತ್ತು ಅಂತ ಮಾತ್ರ. ಅದು ಇನ್ನೂ ಓದಲು ಬರುತ್ತಾ ಅಂತ ಯಾರೂ ತೆಗೆದು ನೋಡುವುದಿಲ್ಲ. ಒಳ್ಳೆಯ ಮೂಲ ಕೈಯಲ್ಲೇ ಇದ್ದಾಗಲೂ ಹೊಸ ಸ್ನ್ಯಾಪ್‌ಶಾಟ್ ಕೆಟ್ಟ ತುಂಡಿನತ್ತಲೇ ಬೆರಳು ತೋರಿಸುತ್ತದೆ. ಬ್ಯಾಕಪ್ ಯಶಸ್ವಿ ಅಂತ ವರದಿ ಬರುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆಯಬಹುದು. ಕೊನೆಗೆ ಗೊತ್ತಾಗುವುದು ಸರ್ವರ್ ಸತ್ತು ವಾಪಸ್ ತೆಗೆಯಲು ಕೂತ ದಿನ. ಆ ಹೊತ್ತಿಗೆ ಮೂಲವೂ ಇರುವುದಿಲ್ಲ.

ತಿರುಗಿಸಿ ನೋಡಿದರೆ ಇದರಲ್ಲೇ ಪರಿಹಾರವೂ ಇದೆ. ಹೆಚ್ಚು ಹಂಚಿಕೆಯಾದ ತುಂಡು ಅಂದರೆ ಬದಲಾಗದೇ ಉಳಿದ ತುಂಡು. ಅದು ಬದಲಾಗಿಲ್ಲ ಅಂದರೆ ಸರ್ವರ್‌ನಲ್ಲಿ ಇನ್ನೂ ಹಾಗೇ ಇರುವ ಸಾಧ್ಯತೆ ಹೆಚ್ಚು. ಮೂಲ ಬದುಕಿರುವಾಗ ಹಾನಿ ಗೊತ್ತಾದರೆ ಸಾಕು, ಒಂದು ತುಂಡು ತುಂಬಿದರೆ 120 ಫೈಲುಗಳೂ ಒಟ್ಟಿಗೇ ಸರಿಯಾಗುತ್ತವೆ.

ಗೊತ್ತಾಗುವುದು ಹೇಗೆ? ಸುಮ್ನೆ `restic check` ಓಡಿಸಿದರೆ ಸಾಲದು. ಅದು ಇಂಡೆಕ್ಸ್, ಸ್ನ್ಯಾಪ್‌ಶಾಟ್, ಫೋಲ್ಡರ್ ಪಟ್ಟಿಗಳು ಒಂದಕ್ಕೊಂದು ಹೊಂದುತ್ತವಾ ಅಂತ ನೋಡುತ್ತದೆ. ಫೈಲ್ ಡೇಟಾ ಇರುವ ಪ್ಯಾಕುಗಳನ್ನು ತೆರೆದು ಓದುವುದಿಲ್ಲ. ನಮ್ಮ ಕೆಟ್ಟ ಸೆಕ್ಟರ್ ಇದ್ದರೂ 'ದೋಷ ಇಲ್ಲ' ಅನ್ನುತ್ತದೆ. ಓದಿಸಬೇಕಾದರೆ ಹೀಗೆ:

```
restic check --read-data
restic check --read-data-subset=1/4
```

ಮೊದಲನೆಯದು ಎಲ್ಲವನ್ನೂ ಓದುತ್ತದೆ. 140 ಜಿಬಿ ನಿಮ್ಮ ಪಕ್ಕದ ಡಿಸ್ಕಿನಲ್ಲೇ ಇದ್ದರೆ, ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಅರ್ಧ ಗಂಟೆಯೊಳಗಿನ ಕೆಲಸ. ಕ್ಲೌಡ್‌ನಲ್ಲಿದ್ದರೆ ಅಷ್ಟನ್ನೂ ಡೌನ್‌ಲೋಡ್ ಮಾಡಬೇಕಾಗುತ್ತದೆ, ಆಗ ಎರಡನೆಯದು ಅನುಕೂಲ. ಈ ವಾರ `1/4`, ಮುಂದಿನ ವಾರ `2/4`, ಹೀಗೆ ತಿಂಗಳಿಗೊಂದು ಸುತ್ತು ಮುಗಿಯುತ್ತದೆ. ಶೇಕಡಾವಾರು ಕೊಟ್ಟರೆ, ಉದಾಹರಣೆಗೆ `10%`, ಪ್ರತಿ ಸಲ ಯಾದೃಚ್ಛಿಕವಾಗಿ ಆರಿಸುತ್ತದೆ. ಕೆಲವು ಪ್ಯಾಕುಗಳ ಸರದಿ ಬಹಳ ದಿನ ಬಾರದೇ ಹೋಗಬಹುದು. ನಾನು ಸುತ್ತು ಹಾಕುವುದನ್ನೇ ಆರಿಸುತ್ತೇನೆ.

ಇನ್ನೊಂದು ಉಪಾಯ ಇದೆ, ಇದಕ್ಕೆ ಪಾಸ್‌ವರ್ಡ್ ಕೂಡ ಬೇಡ. ಪ್ಯಾಕ್ ಫೈಲಿನ ಹೆಸರೇ ಅದರೊಳಗಿನ ಬೈಟ್‌ಗಳ ಎಸ್‌ಎಚ್‌ಎ-256. ಆದ್ದರಿಂದ ರೆಪೊಸಿಟರಿ ಇರುವ ಯಂತ್ರದಲ್ಲೇ ಹೆಸರನ್ನೂ ಹ್ಯಾಶನ್ನೂ ಹೋಲಿಸಿ ನೋಡಬಹುದು:

```
cd /mnt/backup/repo/data
find . -type f | while read -r f; do
  s=$(sha256sum "$f" | cut -d' ' -f1)
  [ "$s" = "$(basename "$f")" ] || echo "$f"
done
```

ಏನೂ ಬರೆಯದೇ ಮುಗಿದರೆ ಎಲ್ಲ ಸರಿ. ಒಂದು ಹೆಸರು ಬಂದರೆ ಆ ಪ್ಯಾಕ್ ಕೆಟ್ಟಿದೆ. ಇಡೀ ಪ್ಯಾಕ್ ಫೈಲೇ ಕಾಣೆಯಾಗಿದ್ದರೆ ಮಾತ್ರ ಇದಕ್ಕೆ ಗೊತ್ತಾಗುವುದಿಲ್ಲ, ಅದನ್ನು ಹಿಡಿಯಲು `restic check` ಸಾಕು.

ಹೆಸರು ಬಂದ ಕೂಡಲೇ ರಿಪೇರಿಗೆ ಇಳಿಯಬೇಡಿ. ಮೊದಲು ಅದೇ ಪರೀಕ್ಷೆಯನ್ನು ಇನ್ನೊಂದು ಸಲ ಓಡಿಸಿ. ಎರಡು ಸಲವೂ ಅದೇ ಪ್ಯಾಕ್ ಬಂದರೆ ಡಿಸ್ಕಿನಲ್ಲಿ ಕೆಟ್ಟಿರುವುದು ಬಹುತೇಕ ಖಚಿತ. ಪ್ರತಿ ಸಲ ಬೇರೆಬೇರೆ ಪ್ಯಾಕ್ ಬಂದರೆ ಡೇಟಾ ಚೆನ್ನಾಗಿಯೇ ಇರಬಹುದು, ಓದುವ ಯಂತ್ರದ ರ‍್ಯಾಮ್, ಕೇಬಲ್ ಅಥವಾ ಕಂಟ್ರೋಲರ್ ಮೇಲೆ ಅನುಮಾನ ಪಡಬೇಕು. ಅಂಥ ಯಂತ್ರದಲ್ಲಿ ರಿಪೇರಿ ಆಜ್ಞೆ ಓಡಿಸಿದರೆ ಒಳ್ಳೆಯ ತುಂಡುಗಳನ್ನೂ ನೀವೇ ಬಿಸಾಡಿದ ಹಾಗಾಗುತ್ತದೆ. ಕೈಯಲ್ಲಿ ಜಾಗ ಇದ್ದರೆ ರೆಪೊಸಿಟರಿಯ ಒಂದು ನಕಲು ತೆಗೆದಿಡಿ. ಹಳೆಯ ಸ್ನ್ಯಾಪ್‌ಶಾಟ್ ಅಳಿಸುವ `forget`, `prune` ನಿಗದಿ ಕೆಲಸಗಳನ್ನು ನಿಲ್ಲಿಸಿ.

ಆಮೇಲೆ ಈ ಕ್ರಮದಲ್ಲಿ ಹೋಗಿ. ಐಡಿ ಜಾಗದಲ್ಲಿ ಕೆಟ್ಟ ಪ್ಯಾಕಿನ ಹೆಸರು, `/srv` ಜಾಗದಲ್ಲಿ ನಿಮ್ಮ ಫೋಲ್ಡರ್:

```
restic find --pack ID
restic repair packs ID
restic backup /srv
restic check
restic repair snapshots --forget
```

ಮೊದಲ ಸಾಲು ಆ ಪ್ಯಾಕನ್ನು ಯಾವ ಯಾವ ಫೈಲುಗಳು ನೆಚ್ಚಿಕೊಂಡಿವೆ ಅಂತ ತೋರಿಸುತ್ತದೆ. ಇದನ್ನು ಮೊದಲೇ ನೋಡಿ ಒಂದು ಕಡೆ ಉಳಿಸಿಕೊಳ್ಳಿ, ಯಾಕೆಂದರೆ ಮುಂದಿನ ಹೆಜ್ಜೆ ಆ ಪ್ಯಾಕನ್ನು ಇಂಡೆಕ್ಸ್‌ನಿಂದಲೇ ತೆಗೆದುಬಿಡುತ್ತದೆ. ಎರಡನೆಯದು, `repair packs`, ಪ್ಯಾಕಿನಲ್ಲಿ ಓದಲು ಬರುವ ತುಂಡುಗಳನ್ನು ಹೊಸ ಪ್ಯಾಕಿಗೆ ಸಾಗಿಸುತ್ತದೆ, ಓದಲು ಬಾರದ ಆ ಒಂದನ್ನು ಕೈಬಿಡುತ್ತದೆ. ಕೆಟ್ಟ ಪ್ಯಾಕಿನ ಒಂದು ಪ್ರತಿಯನ್ನು ನೀವಿರುವ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಈಗ ಇಂಡೆಕ್ಸ್ ಸುಳ್ಳು ಹೇಳುವುದನ್ನು ನಿಲ್ಲಿಸಿದೆ. 'ಆ ಹ್ಯಾಶ್ ನಮ್ಮಲ್ಲಿಲ್ಲ' ಅನ್ನುತ್ತದೆ.

ಆದ್ದರಿಂದ ಮೂರನೆಯ ಸಾಲು, ಅದೇ ಮಾಮೂಲಿ ಬ್ಯಾಕಪ್, ಈಗ ಬೇರೆ ರೀತಿ ನಡೆಯುತ್ತದೆ. ಇಮೇಜನ್ನು ಮತ್ತೆ ಓದಿ, ಕತ್ತರಿಸಿ, ಹ್ಯಾಶ್ ತೆಗೆದಾಗ ಆ ಒಂದು ತುಂಡು ಇಲ್ಲ ಅಂತ ಕಾಣುತ್ತದೆ, ಬರೆಯುತ್ತದೆ. ಹ್ಯಾಶ್ ಅದೇ ಆದ್ದರಿಂದ ಹಳೆಯ 30 ಸ್ನ್ಯಾಪ್‌ಶಾಟ್‌ಗಳಿಗೂ ಬೇಕಾದ ತುಂಡು ಸಿಕ್ಕಿತು. ನಾಲ್ಕು ಇಮೇಜುಗಳಲ್ಲಿ ಒಂದರಲ್ಲಿ ಆ ಭಾಗ ಹಾಗೇ ಉಳಿದಿದ್ದರೂ ಸಾಕು. ಆದರೆ ತುಂಡಿನೊಳಗಿನ ಒಂದು ಬೈಟ್ ಬದಲಾಗಿದ್ದರೂ ಹ್ಯಾಶ್ ಬೇರೆಯಾಗುತ್ತದೆ, ಆಗ ಈ ಭಾಗ್ಯ ಇಲ್ಲ. ಮೂಲದಲ್ಲಿ ಅಳಿಸಿಹೋಗಿ ಹಳೆಯ ಸ್ನ್ಯಾಪ್‌ಶಾಟ್‌ನಲ್ಲಿ ಮಾತ್ರ ಉಳಿದಿದ್ದ ಫೈಲಿಗೂ ಇಲ್ಲ.

ನಾಲ್ಕನೆಯ ಸಾಲಿನ `check` ಇನ್ನೂ ಏನಾದರೂ ಬಾಕಿ ಇದೆಯಾ ಅಂತ ಹೇಳುತ್ತದೆ. ಬಾಕಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಐದನೆಯದು ಬೇರೆ ದಾರಿ ಇಲ್ಲದಾಗ ಮಾತ್ರ. ಅದು ಸಿಗದ ತುಂಡುಗಳನ್ನು ಬಿಟ್ಟು ಸ್ನ್ಯಾಪ್‌ಶಾಟ್‌ಗಳನ್ನು ಹೊಸದಾಗಿ ಬರೆಯುತ್ತದೆ, `--forget` ಕೊಟ್ಟಿದ್ದರಿಂದ ಹಳೆಯದನ್ನು ತೆಗೆಯುತ್ತದೆ. ಇಲ್ಲೊಂದು ಅಪಾಯ ನೆನಪಿರಲಿ. ರೆಸ್ಟಿಕ್ ಆ ತೂತನ್ನು ತುಂಬುವುದಿಲ್ಲ, ಎರಡು ಕಡೆಯನ್ನೂ ಜೋಡಿಸಿಬಿಡುತ್ತದೆ. ಫೈಲ್ ಅಷ್ಟು ಚಿಕ್ಕದಾಗುತ್ತದೆ. ಲಾಗ್ ಫೈಲಾದರೆ ಪರವಾಗಿಲ್ಲ. ಡಿಸ್ಕ್ ಇಮೇಜ್ ಆದರೆ ತೂತಿನ ನಂತರದ್ದೆಲ್ಲ 1 ಎಂಬಿ ಹಿಂದಕ್ಕೆ ಸರಿದು ನಿರುಪಯೋಗಿ ಆಗುತ್ತದೆ. ಇಂಥದ್ದೇ ಇನ್ನೊಂದು ಬ್ಯಾಕಪ್ ಸಾಧನವಾದ ಬೋರ್ಗ್‌ನ 1.x ಆವೃತ್ತಿಗಳು ಇಂಥ ಕಡೆ ಅಷ್ಟೇ ಉದ್ದದ ಸೊನ್ನೆಗಳನ್ನು ತುಂಬಿ ಉದ್ದ ಕಾಪಾಡುತ್ತವೆ, ಮುಂದೆ ಯಾವತ್ತಾದರೂ ಆ ತುಂಡು ಸಿಕ್ಕರೆ ಮತ್ತೆ ಜಾಗಕ್ಕೆ ಸೇರಿಸುತ್ತವೆ. ಈ ವಿಷಯದಲ್ಲಿ ಬೋರ್ಗ್ ದಾರಿ ನನಗೆ ಇಷ್ಟ.

ಹಾಗಾದರೆ ಡಿಡುಪ್ಲಿಕೇಶನ್ ಬಿಡಬೇಕಾ? ಬೇಡ. ರೆಸ್ಟಿಕ್‌ನಲ್ಲಿ ಅದನ್ನು ಆಫ್ ಮಾಡಲು ಬರುವುದೂ ಇಲ್ಲ, `--compression off` ಅಂತ ಕಂಪ್ರೆಶನ್ ಮಾತ್ರ ನಿಲ್ಲಿಸಬಹುದು. ನಿಲ್ಲಿಸಿದರೂ ದೃಢೀಕರಣ ಸಂಕೇತ ಇದ್ದೇ ಇರುತ್ತದೆ, ಬಿಟ್ ತಿರುಗಿದರೆ ತುಂಡು ಹೋಗುವುದು ಹೋಗುತ್ತದೆ. ಹಳೇ ಕಾಲದ ಪೂರ್ತಿ ಮತ್ತು ಇನ್‌ಕ್ರಿಮೆಂಟಲ್ ಪದ್ಧತಿಗೆ ಮರಳಿದರೂ ಇದೇ ಕಥೆ. ಅಲ್ಲಿ ಒಂದು ದಿನದ ಇನ್‌ಕ್ರಿಮೆಂಟಲ್ ಕೆಟ್ಟರೆ ಅದರ ನಂತರದ ದಿನಗಳೆಲ್ಲ ಅನುಮಾನದಲ್ಲಿ ಬೀಳುತ್ತವೆ.

ಡಿಡುಪ್ಲಿಕೇಶನ್‌ನಿಂದ ಉಳಿದ ಜಾಗದಲ್ಲಿ ಒಂದು ಪಾಲನ್ನು ಎರಡನೇ ಪ್ರತಿಗೆ ಕೊಡಿ. 6000 ಜಿಬಿ ಬದಲು 140 ಆದ ಮೇಲೆ ಇನ್ನೊಂದು 140 ಬೇರೆ ಡಿಸ್ಕಿನಲ್ಲಿ ಇಡುವುದು ಭಾರ ಅಲ್ಲ, ಅಲ್ವಾ? ಎರಡು ರೀತಿ ಮಾಡಬಹುದು. ಒಂದು, ರೆಪೊಸಿಟರಿಯನ್ನು ಆರ್‌ಸಿಂಕ್‌ನಿಂದ ಹಾಗೇ ನಕಲು ಮಾಡುವುದು. ಆಗ ಎರಡೂ ಕಡೆ ಪ್ಯಾಕುಗಳು ಬೈಟ್‌ಗೆ ಬೈಟ್ ಒಂದೇ. ಒಂದು ಕಡೆ ಕೆಟ್ಟ ಪ್ಯಾಕನ್ನು ಇನ್ನೊಂದು ಕಡೆಯಿಂದ ತಂದು ಹಾಕಿದರೆ ಮೇಲಿನ ಯಾವ ರಿಪೇರಿಯೂ ಬೇಡ. ಆದರೆ ನಕಲು ಮಾಡುವಾಗಲೇ ಪ್ಯಾಕ್ ಕೆಟ್ಟಿದ್ದರೆ ಕೆಟ್ಟದ್ದೇ ಹೋಗುತ್ತದೆ. ಆಮೇಲೆ ಕೆಟ್ಟರೆ ಮಾಮೂಲಿ ಆರ್‌ಸಿಂಕ್ ಗಾತ್ರ ಮತ್ತು ಸಮಯ ನೋಡಿ ಬಿಟ್ಟುಬಿಡುತ್ತದೆ, ಸೆಕ್ಟರ್ ಕೆಟ್ಟಾಗ ಇವೆರಡೂ ಬದಲಾಗುವುದಿಲ್ಲ. ಅದಕ್ಕೆ `--checksum` ಸೇರಿಸಿದರೆ ಮಾತ್ರ ಕೆಟ್ಟ ಪ್ಯಾಕನ್ನು ತೆಗೆದುಕೊಂಡು ಹೋಗಿ ಒಳ್ಳೆಯದರ ಮೇಲೆ ಬರೆದುಬಿಡಬಹುದು, ಇಲ್ಲಿ ಅದನ್ನು ಹಾಕಬೇಡಿ.

ಎರಡನೇ ರೀತಿ, ಬೇರೆ ರೆಪೊಸಿಟರಿ ಮಾಡಿ `restic copy` ಬಳಸುವುದು. ಇದು ಪ್ರತಿ ತುಂಡನ್ನೂ ಬಿಚ್ಚಿ, ಪರಿಶೀಲಿಸಿ, ಹೊಸ ಕೀಲಿಯಿಂದ ಮತ್ತೆ ಬರೆಯುತ್ತದೆ. ಕೆಟ್ಟ ತುಂಡು ಎದುರಾದರೆ ಅಲ್ಲೇ ದೋಷ ತೋರಿಸಿ ನಿಲ್ಲುತ್ತದೆ, ಸುಮ್ಮನೆ ದಾಟಿ ಹೋಗುವುದಿಲ್ಲ. ಪ್ಯಾಕುಗಳನ್ನು ಅದಲುಬದಲು ಮಾಡುವ ಅನುಕೂಲ ಇದರಲ್ಲಿ ಸಿಗುವುದಿಲ್ಲ. ಹೊಸ ರೆಪೊಸಿಟರಿ ತೆರೆಯುವಾಗ `restic init` ಜೊತೆ ಮೂಲ ರೆಪೊಸಿಟರಿಯನ್ನು `--from-repo` ಅಂತ ತೋರಿಸಿ `--copy-chunker-params` ಸೇರಿಸಿ. ಇಲ್ಲದಿದ್ದರೆ ಎರಡೂ ಕಡೆ ಕತ್ತರಿ ಬೇರೆಬೇರೆ ಜಾಗದಲ್ಲಿ ಬೀಳುತ್ತದೆ. ಮುಂದೆ ಯಾವತ್ತಾದರೂ ಆ ಎರಡನೇ ರೆಪೊಸಿಟರಿಗೆ ಸರ್ವರ್‌ನಿಂದ ನೇರವಾಗಿ ಬ್ಯಾಕಪ್ ತೆಗೆದರೆ, ಅದೇ ಫೈಲುಗಳು ಬೇರೆ ತುಂಡುಗಳಾಗಿ ಇನ್ನೊಂದು ಸಲ ಜಾಗ ತಿನ್ನುತ್ತವೆ.